ಕಲ್ಲಂಗಡಿ ಕೊಯ್ಯಬಹುದೇ? ಮೂರು ಫೋಟೋಗಳು ಹೇಳುವುದು

ಪ್ರಶ್ನೆ: ಮನೆಯ ಹಿಂದಿನ ಜಾಗದಲ್ಲಿ ಶುಗರ್ ಬೇಬಿ ಕಲ್ಲಂಗಡಿ ಹಾಕಿದ್ದೇನೆ. ಮೊದಲ ಕಾಯಿಗೆ ಹೂವು ಬಿಟ್ಟು ಸುಮಾರು ಒಂದು ತಿಂಗಳಾಯಿತು. ನಿನ್ನೆ ಸಂಜೆ ತೆಗೆದ ಮೂರು ಫೋಟೋ ಹಾಕಿದ್ದೇನೆ. ಕೆಳಭಾಗ ಹಳದಿಯಾಗಿದೆ, ಸುರುಳಿ ಕುಡಿಯೂ ಒಣಗಿದೆ, ಆದರೆ ಸಿಪ್ಪೆ ಇನ್ನೂ ಹೊಳೆಯುತ್ತಿದೆ. ಕೊಯ್ಯಬಹುದೇ?

ಉತ್ತರ: ಇಂದು ಕೊಯ್ಯಬೇಡಿ. ನಿಮ್ಮ ಫೋಟೋಗಳಲ್ಲಿ ಆ ಕಾಯಿ ಇನ್ನೂ ನಾಲ್ಕೈದು ದಿನ ಬಳ್ಳಿಯಲ್ಲೇ ಇರಬೇಕಾದದ್ದು ಎಂದು ಕಾಣುತ್ತಿದೆ. ಕಲ್ಲಂಗಡಿ ಮಾವಿನಂತಲ್ಲ. ಒಮ್ಮೆ ತೊಟ್ಟು ಕತ್ತರಿಸಿದರೆ ಆಮೇಲೆ ಅದಕ್ಕೆ ಸಿಹಿ ಕೂಡುವುದಿಲ್ಲ, ಹುಲ್ಲಿನಲ್ಲಿ ಮುಚ್ಚಿಟ್ಟರೂ ಅಷ್ಟೇ. ಹಾಗಾಗಿ ಎರಡು ದಿನ ತಡವಾದರೂ ಸರಿ, ಮುಂಚೆ ಕೊಯ್ಯಬಾರದು.

ಕೋಲಾರದ ಕಡೆ ಕೆಂಪು ಮಣ್ಣಿನಲ್ಲಿ ನಾವು ಹನ್ನೊಂದು ವರ್ಷದಿಂದ ಬೇಸಿಗೆಗೆ ಕಲ್ಲಂಗಡಿ ಬೆಳೆಯುತ್ತಿದ್ದೇವೆ. ಫೋಟೋ ನೋಡಿ ಕಾಯಿ ಬಲಿತಿದೆಯೇ ಎಂದು ಹೇಳಲು ನಾನು ಕಲಿತದ್ದು ಒಂದು ನಷ್ಟದಿಂದ. ಮೂರು ವರ್ಷದ ಹಿಂದೆ ನಾನು ಬೇರೆ ಊರಿನಲ್ಲಿದ್ದಾಗ ತಮ್ಮ ಸಂಜೆ ಏಳರ ಹೊತ್ತಿಗೆ ಪಂಪ್ ಮನೆಯ ಬಲ್ಬಿನ ಬೆಳಕಿನಲ್ಲಿ ಕಾಯಿಯ ಕೆಳಭಾಗದ ಫೋಟೋ ಕಳುಹಿಸಿದ. ಮಚ್ಚೆ ಬೆಣ್ಣೆಯಷ್ಟು ಹಳದಿಯಾಗಿತ್ತು. ಕೊಯ್ದುಬಿಡು ಎಂದೆ. ಮರುದಿನ ನಲವತ್ತು ಕಾಯಿ ಕೊಯ್ದು ಒಯ್ದಾಗ ವ್ಯಾಪಾರಿ ಒಂದನ್ನು ಸೀಳಿ ನೋಡಿದರು. ತಿರುಳು ತೆಳು ಗುಲಾಬಿ, ಬೀಜದಲ್ಲಿ ಅರ್ಧಕ್ಕರ್ಧ ಬಿಳಿ. ಸಿಹಿ ಅಳೆಯುವ ಮಾಪಕದಲ್ಲಿ 7 ಬಂತು. ಚೆನ್ನಾಗಿ ಮಾಗಿದ ಹಣ್ಣಿನ ನಡುಭಾಗದಲ್ಲಿ 10ಕ್ಕಿಂತ ಹೆಚ್ಚು ಬರಬೇಕು. ತಮ್ಮ ಹಗಲಿನಲ್ಲಿ ಅದೇ ತಾಕಿನ ಇನ್ನೊಂದು ಕಾಯಿಯ ಫೋಟೋ ಕಳುಹಿಸಿದಾಗ ಮಚ್ಚೆ ಹಳದಿಯಾಗಿರಲೇ ಇಲ್ಲ, ಹಸಿರು ಬೆರೆತ ಬಿಳುಪು. ಹಿಂದಿನ ದಿನ ನಾನು ನೋಡಿದ್ದು ಬಲ್ಬಿನ ಹಳದಿ.

ನಿಮ್ಮ ಮೊದಲ ಫೋಟೋದಲ್ಲೂ ಅದೇ ಆಗಿದೆ. ಎಡ ಮೂಲೆಯಲ್ಲಿ ಮಡಚಿಟ್ಟ ಗೊಬ್ಬರದ ಚೀಲದ ತುದಿ ಕಾಣುತ್ತಿದೆ, ನೋಡಿ. ಆ ಚೀಲ ಬಿಳಿ ಇರಬೇಕು. ಫೋಟೋದಲ್ಲಿ ಅದು ನಿಂಬೆ ಹಣ್ಣಿನ ಸಿಪ್ಪೆಯ ಬಣ್ಣಕ್ಕೆ ಹತ್ತಿರವಾಗಿದೆ. ಇಳಿಹೊತ್ತಿನ ಬಿಸಿಲು ಎಲ್ಲದರ ಮೇಲೂ ಅಷ್ಟು ಹಳದಿ ಬಳಿದಿದೆ ಎಂದರೆ ಮಚ್ಚೆಯ ಹಳದಿಯಲ್ಲೂ ಅಷ್ಟು ಪಾಲನ್ನು ಕಳೆಯಬೇಕು. ಕಳೆದರೆ ಉಳಿಯುವುದು ಕೆನೆಯ ಬಣ್ಣ. ಕಾಯಿ ಎಳಸಾಗಿದ್ದಾಗ ನೆಲಕ್ಕೆ ತಾಗಿದ ಭಾಗ ತೆಳು ಹಸಿರಾಗಿರುತ್ತದೆ, ಆಮೇಲೆ ಬಿಳಿಯಾಗುತ್ತದೆ, ಆಮೇಲೆ ಕೆನೆ, ಕೊನೆಗೆ ಬೆಣ್ಣೆಯ ಹಳದಿ. ಬಿಸಿಲು ತಾಗದ ಕಡೆ ಹಸಿರು ನಿಲ್ಲದೆ, ಕೆಳಗಿರುವ ಹಳದಿ ಬಣ್ಣ ಮೇಲೆ ಕಾಣುವುದರಿಂದ ಹೀಗಾಗುತ್ತದೆ. ಕೆನೆಯಿಂದ ಬೆಣ್ಣೆಗೆ ಹೋಗುವ ಆ ಕೊನೆಯ ಹೆಜ್ಜೆಯಲ್ಲೇ ಸಿಹಿ ತುಂಬುವುದು. ನಿಮ್ಮ ಕಾಯಿ ಆ ಹೆಜ್ಜೆಯ ಈಚೆ ಬದಿಯಲ್ಲಿದೆ.

ಮಚ್ಚೆಯ ಫೋಟೋ ತಪ್ಪು ಹೇಳುವ ಇನ್ನೊಂದು ದಾರಿ ಇದಕ್ಕೆ ಉಲ್ಟಾ. ಶುಗರ್ ಬೇಬಿಯ ಸಿಪ್ಪೆ ಹೆಚ್ಚುಕಡಿಮೆ ಕಪ್ಪು. ಚೌಕಟ್ಟಿನ ತುಂಬ ಕಪ್ಪೇ ಇದ್ದರೆ ಮೊಬೈಲ್ ಕ್ಯಾಮೆರಾ ಬೆಳಕು ಕಡಿಮೆ ಇದೆ ಎಂದುಕೊಂಡು ಫೋಟೋವನ್ನು ಬೆಳಗಿಸುತ್ತದೆ. ಆಗ ಹಳದಿ ಮಚ್ಚೆ ಬಿಳಿಯಾಗಿ ಸುಟ್ಟುಹೋದಂತೆ ಕಾಣುತ್ತದೆ, ಮಾಗಿದ ಹಣ್ಣನ್ನೂ ಎಳಸು ಎಂದು ಬಿಡುತ್ತೇವೆ. ಇದಕ್ಕೆ ಪರಿಹಾರ ಸುಲಭ: ಪರದೆಯ ಮೇಲೆ ಮಚ್ಚೆಯನ್ನೇ ಬೆರಳಿನಿಂದ ಒತ್ತಿ, ಬೆಳಕು ಅಲ್ಲಿಗೆ ಹೊಂದಿದ ಮೇಲೆ ಫೋಟೋ ತೆಗೆಯಿರಿ. ಮಚ್ಚೆಯ ಪಕ್ಕದಲ್ಲೇ ಒಂದು ಬಿಳಿ ಕಾಗದ ಇಡಿ. ಆ ಕಾಗದ ಫೋಟೋದಲ್ಲಿ ಬಿಳಿಯಾಗಿ ಕಂಡರೆ ಮಾತ್ರ ಮಚ್ಚೆಯ ಬಣ್ಣವನ್ನು ನಂಬಬಹುದು. ಕಾಗದದ ಮೇಲಿನ ಸಣ್ಣ ಗೆರೆಯೂ ಅಳಿಸಿಹೋಗುವಷ್ಟು ಬೆಳಕು ಬಿದ್ದಿದ್ದರೆ ಮತ್ತೆ ತೆಗೆಯಬೇಕು. ನಮ್ಮ ಕಡೆಯಂತೆ ನಿಮ್ಮದೂ ಕೆಂಪು ಮಣ್ಣಾದರೆ ಮೊದಲು ಮಚ್ಚೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ ಒಣಗಲು ಬಿಡಿ. ಮಣ್ಣಿನ ಕಂದು ಬಣ್ಣವನ್ನು ಮಾಗಿದ ಹಳದಿ ಎಂದು ತಿಳಿದು ಮೋಸ ಹೋದವರನ್ನು ನಾನು ಕಂಡಿದ್ದೇನೆ. ಕಾಯಿಯನ್ನು ಪೂರ್ತಿ ಮಗುಚಬೇಡಿ, ತೊಟ್ಟು ತಿರುಚುತ್ತದೆ. ಸ್ವಲ್ಪ ಒಂದು ಬದಿಗೆ ವಾಲಿಸಿದರೆ ಸಾಕು.

ಬಿಸಿಲಿಗೆ ಬೆಂದ ಕಲೆಯೂ ಫೋಟೋದಲ್ಲಿ ನೆಲದ ಮಚ್ಚೆಯಂತೆಯೇ ಕಾಣಬಹುದು. ಅದು ಕಾಯಿಯ ಮೇಲ್ಭಾಗದಲ್ಲಿ, ಎಲೆಯ ನೆರಳು ತಪ್ಪಿದ ಕಡೆ ಬರುತ್ತದೆ, ಒಣಗಿದ ಕಾಗದದಂತೆ ಬೆಳ್ಳಗಿರುತ್ತದೆ. ಹತ್ತಿರದಿಂದ ತೆಗೆದ ಒಂದೇ ಫೋಟೋದಲ್ಲಿ ಮೇಲು ಯಾವುದು, ಕೆಳಗು ಯಾವುದು ಎಂದು ತಿಳಿಯುವುದಿಲ್ಲ. ಆದ್ದರಿಂದ ಕಾಯಿ ಇದ್ದಲ್ಲೇ ಇರುವ ಒಂದು ದೂರದ ಫೋಟೋವೂ ಬೇಕು. ನಿಮ್ಮದರಲ್ಲಿ ಆ ಅನುಮಾನವಿಲ್ಲ, ಮಚ್ಚೆಗೆ ಅಂಟಿದ ಮಣ್ಣು ಸ್ಪಷ್ಟವಾಗಿದೆ.

ಇನ್ನು ಹೊಳಪು. ಮೂರು ಗುರುತುಗಳಲ್ಲಿ ಫೋಟೋದಿಂದ ಹೇಳಲು ಅತಿ ಕಷ್ಟದ್ದು ಇದೇ, ಏಕೆಂದರೆ ಹೊಳಪು ಕಾಯಿಯಷ್ಟೇ ಬೆಳಕಿನದ್ದೂ ಹೌದು. ನೇರ ಬಿಸಿಲಿನಲ್ಲಿ ಎಂಥ ಕಲ್ಲಂಗಡಿಯೂ ಹೊಳೆಯುತ್ತದೆ, ಬೆಳಗಿನ ಇಬ್ಬನಿ ಕೂತಿದ್ದರೂ ಹೊಳೆಯುತ್ತದೆ, ಫ್ಲ್ಯಾಶ್ ಹಾಕಿದರಂತೂ ಹೇಳುವುದೇ ಬೇಡ. ಅದಕ್ಕೇ ನಾನು ಹೊಳಪಿನ ಪ್ರಮಾಣವನ್ನು ನೋಡುವುದಿಲ್ಲ, ಬೆಳಕಿನ ಚುಕ್ಕೆಯ ಅಂಚನ್ನು ನೋಡುತ್ತೇನೆ. ಎಳಸು ಕಾಯಿಯ ಸಿಪ್ಪೆ ನುಣುಪು, ಅದರ ಮೇಲೆ ಬೀಳುವ ಬೆಳಕು ಸ್ಟೀಲ್ ಲೋಟದ ಮೇಲೆ ಬಿದ್ದಂತೆ ಚೂಪಾದ ಅಂಚಿನ ಚುಕ್ಕೆಯಾಗಿ ನಿಲ್ಲುತ್ತದೆ. ಬಲಿತ ಕಾಯಿಯ ಮೇಲೆ ಮೇಣದಂಥ ತೆಳು ಪದರ ಕೂತು ಸಿಪ್ಪೆ ಮಂಕಾಗಿರುತ್ತದೆ. ಅಲ್ಲಿ ಅದೇ ಬೆಳಕು ಹರಡಿಕೊಂಡು, ಎಲ್ಲಿ ಶುರುವಾಯಿತು ಎಲ್ಲಿ ಮುಗಿಯಿತು ಎಂದು ಹೇಳಲಾಗದಂತೆ ಮಸುಕಾಗುತ್ತದೆ. ನಿಮ್ಮ ಎರಡನೆಯ ಫೋಟೋವನ್ನು ದೊಡ್ಡದು ಮಾಡಿ ನೋಡಿದೆ. ಚುಕ್ಕೆಯ ಅಂಚು ಚೂಪಾಗಿದೆ, ಅದರೊಳಗೆ ಪಕ್ಕದ ಮರದ ಕೊಂಬೆಯ ಗೆರೆಯೂ ಕಾಣುತ್ತಿದೆ. ಈ ಕಾಯಿ ಇನ್ನೂ ಮಂಕಾಗಿಲ್ಲ.

ಫೋಟೋ ತೆಗೆಯುವ ಮೊದಲು ಸಿಪ್ಪೆಯ ಮೇಲ್ಭಾಗವನ್ನು ಮಾತ್ರ ಒರೆಸಬೇಡಿ. ನಾವು ನೋಡಬೇಕಾದ ಆ ಮಂಕು ಪದರವೇ ಬಟ್ಟೆಗೆ ಹತ್ತಿ ಹೋಗಬಹುದು. ಮಚ್ಚೆಗೆ ಒದ್ದೆ ಬಟ್ಟೆ, ಮೇಲ್ಭಾಗಕ್ಕೆ ಬರಿಗೈಯೂ ಬೇಡ.

ನಿಮ್ಮ ಮೂರನೆಯ ಫೋಟೋ ನನಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂತು. ಬಹಳ ಜನ ಯಾವುದೋ ಒಣಗಿದ ಕುಡಿಯ ಫೋಟೋ ಹಾಕುತ್ತಾರೆ. ನೋಡಬೇಕಾದದ್ದು ಕಾಯಿಯ ತೊಟ್ಟು ಬಳ್ಳಿಗೆ ಸೇರುವ ಅದೇ ಗೆಣ್ಣಿನಿಂದ ಹೊರಟ ಸುರುಳಿ ಕುಡಿಯನ್ನು. ನೀವು ತೊಟ್ಟು, ಗೆಣ್ಣು, ಕುಡಿ ಮೂರೂ ಬರುವಂತೆ ತೆಗೆದಿದ್ದೀರಿ, ಅಕ್ಕಪಕ್ಕದ ಗೆಣ್ಣುಗಳೂ ಬಂದಿವೆ. ಕುಡಿಯ ತುದಿಯ ಸುರುಳಿಗಳು ಕಂದು ಬಣ್ಣಕ್ಕೆ ತಿರುಗಿವೆ. ಆದರೆ ಬುಡದ ಎರಡು ಬೆರಳಿನಷ್ಟು ಭಾಗ ಇನ್ನೂ ಹಸಿರಾಗಿದೆ. ಕುಡಿ ತುದಿಯಿಂದ ಬುಡದ ಕಡೆಗೆ ಒಣಗುತ್ತ ಬರುತ್ತದೆ, ಗೆಣ್ಣಿನವರೆಗೆ ಪೂರ್ತಿ ಒಣಗಿ ಮುಟ್ಟಿದರೆ ಮುರಿಯುವಂತಾದಾಗಲೇ ಅದನ್ನು ಒಣಗಿದೆ ಎನ್ನುವುದು.

ಅಕ್ಕಪಕ್ಕದ ಗೆಣ್ಣುಗಳ ಕುಡಿಗಳು ಹಸಿರಾಗಿರುವುದು ಒಳ್ಳೆಯ ಲಕ್ಷಣ. ಈ ಒಂದು ಕುಡಿ ಮಾತ್ರ ಒಣಗುತ್ತಿದೆ ಎಂದರೆ ಅದು ಕಾಯಿಯ ಸುದ್ದಿಯನ್ನೇ ಹೇಳುತ್ತಿದೆ. ಬಳ್ಳಿಯ ಉದ್ದಕ್ಕೂ ಎಲ್ಲ ಕುಡಿಗಳೂ ಒಣಗಿದ್ದರೆ ನೀರಿನ ಕೊರತೆಯೋ ಎಲೆಗೆ ಬಂದ ರೋಗವೋ ಇರುತ್ತದೆ, ಆಗ ಈ ಗುರುತನ್ನು ಲೆಕ್ಕದಿಂದ ಬಿಡಬೇಕು. ಕಾಲು ತಾಗಿ ಕಿತ್ತುಹೋದ ಕುಡಿಯೂ ಒಣಗುತ್ತದೆ, ಬುಡದ ಬಳಿ ಮುರಿತ ಕಂಡರೆ ಅದನ್ನೂ ನಂಬಬೇಡಿ. ಅಂಗಡಿಯ ಕಲ್ಲಂಗಡಿಯ ಫೋಟೋದಲ್ಲಿ ತೊಟ್ಟು ಒಣಗಿದೆ ಎಂದು ಸಂತೋಷಪಡುವವರಿಗೂ ಇದೇ ಮಾತು: ಕೊಯ್ದು ನಾಲ್ಕು ದಿನವಾದರೆ ಎಳಸು ಕಾಯಿಯ ತೊಟ್ಟೂ ಒಣಗುತ್ತದೆ. ಅಲ್ಲಿ ಮಚ್ಚೆಯೊಂದೇ ಗತಿ, ಅದನ್ನೂ ವ್ಯಾಪಾರಿಯ ಬಣ್ಣದ ಟಾರ್ಪಾಲಿನ ನೆರಳಿನಿಂದ ಹೊರಗೆ ತಂದು ನೋಡಬೇಕು.

ಹೀಗೆ ಮಚ್ಚೆ ಕೆನೆ, ಹೊಳಪಿನ ಅಂಚು ಚೂಪು, ಕುಡಿ ಅರ್ಧ ಒಣಗಿದ್ದು. ಮೂರೂ ಒಂದೇ ಮಾತು ಹೇಳುತ್ತಿವೆ, ನೀವು ಕೊಟ್ಟ ದಿನಗಳ ಲೆಕ್ಕವೂ ಅದಕ್ಕೆ ಕೂಡುತ್ತದೆ. ಶುಗರ್ ಬೇಬಿಯಂಥ ಸಣ್ಣ ಕಾಯಿಗೆ ಹೂವು ಅರಳಿದ ಮೇಲೆ ಸಾಮಾನ್ಯವಾಗಿ 30ರಿಂದ 35 ದಿನ ಬೇಕು, ತಂಪಿದ್ದರೆ ಇನ್ನೂ ಸ್ವಲ್ಪ ಹೆಚ್ಚು. ಮುಂದಿನ ಕಾಯಿಗಳಿಗೆ 'ಸುಮಾರು ಒಂದು ತಿಂಗಳು' ಎನ್ನಬೇಕಾಗಿ ಬಾರದಿರಲಿ: ಬುಡದಲ್ಲಿ ಪುಟ್ಟ ಗುಂಡು ಕಾಯಿ ಇರುವ ಹೂವು ಅರಳಿದ ದಿನ ಅದರ ಪಕ್ಕದ ಬಳ್ಳಿಗೆ ಬಣ್ಣದ ದಾರವನ್ನು ಸಡಿಲವಾಗಿ ಕಟ್ಟಿ, ತಾರೀಖು ಬರೆದಿಡಿ.

ನಾಲ್ಕನೆಯ ದಿನ ಮತ್ತೆ ಫೋಟೋ ತೆಗೆಯಿರಿ. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಇಬ್ಬನಿ ಆರಿರುತ್ತದೆ, ಬಿಸಿಲು ಹಳದಿ ಬಿಟ್ಟು ಬೆಳ್ಳಗಾಗಿರುತ್ತದೆ. ಕಪ್ಪು ಕೊಡೆ ಹಿಡಿದು ಕಾಯಿಗೆ ನೆರಳು ಮಾಡಿ. ಬಣ್ಣದ ಕೊಡೆ ಬೇಡ, ಕೆಂಪು ಅಂಗಿ ತೊಟ್ಟು ಹತ್ತಿರ ಬಾಗುವುದೂ ಬೇಡ, ಆ ಬಣ್ಣ ಸಿಪ್ಪೆಯ ಮೇಲೆ ಪ್ರತಿಫಲಿಸುತ್ತದೆ. ಅಷ್ಟು ದಿನ ನೀರನ್ನು ಸ್ವಲ್ಪ ಕಡಿಮೆ ಮಾಡಿ. ಪೂರ್ತಿ ನಿಲ್ಲಿಸಿ ಆಮೇಲೆ ಒಮ್ಮೆಲೇ ಹರಿಸಿದರೆ ಬಲಿತ ಕಾಯಿ ಬಿರಿಯುತ್ತದೆ. ಹಾಗೆಂದು ವಾರಗಟ್ಟಲೆ ಬಿಡುವಂತೆಯೂ ಇಲ್ಲ. ಕುಡಿ ಪೂರ್ತಿ ಒಣಗಿ ಎಷ್ಟೋ ದಿನವಾದ ಕಾಯಿಯ ತಿರುಳು ಮರಳು ಮರಳಾಗಿ ರುಚಿ ಕೆಡುತ್ತದೆ.

ಹೊಸ ಫೋಟೋದಲ್ಲಿ ಬಿಳಿ ಕಾಗದದ ಪಕ್ಕದಲ್ಲಿ ಮಚ್ಚೆ ಬೆಣ್ಣೆಯಂತೆ ಕಂಡು, ಕುಡಿ ಗೆಣ್ಣಿನವರೆಗೆ ಒಣಗಿದ್ದರೆ, ಸಿಪ್ಪೆ ಇನ್ನೂ ಒಂದಿಷ್ಟು ಹೊಳೆದರೂ ಚಿಂತಿಸಬೇಡಿ, ಕೊಯ್ಯಿರಿ. ಎರಡು ಬೆರಳಿನಷ್ಟು ತೊಟ್ಟು ಬಿಟ್ಟು ಚಾಕುವಿನಿಂದ ಕತ್ತರಿಸಿ, ಕೈಯಿಂದ ಎಳೆಯಬೇಡಿ. ಸೀಳಿದ ಹಣ್ಣಿನ ಫೋಟೋವನ್ನೂ ಇಲ್ಲಿ ಹಾಕಿದರೆ ನನಗೆ ಸಂತೋಷ. ಒಳಗಿನ ಬೀಜ ಕಪ್ಪಾಗಿದೆಯೇ ಎಂದು ನೋಡಿ, ನಿಮ್ಮ ಬಳ್ಳಿಯ ಉಳಿದ ಕಾಯಿಗಳಿಗೆ ಎಷ್ಟನೆಯ ದಿನ ಸರಿ ಎಂದು ಇನ್ನೂ ಖಚಿತವಾಗಿ ಹೇಳಬಲ್ಲೆ.