ಮಳೆನೀರು ಕೊಯ್ಲಿನ ವಿಡಿಯೋಗೆ ಕ್ಯಾಪ್ಶನ್: ಎಷ್ಟು ಲೀಟರ್ ಅಂತ ಬರೆಯಬೇಕು?

ಪ್ರಶ್ನೆ: ನಾನು ಮಳೆನೀರು ಕೊಯ್ಲಿನ ಕನ್ಸಲ್ಟೆಂಟ್. ಬೆಂಗಳೂರಿನ ಒಂದು ಮನೆಯ ಬಿಫೋರ್-ಆಫ್ಟರ್ ವಿಡಿಯೋ ಹಾಕ್ತಿದ್ದೀನಿ. "ವರ್ಷಕ್ಕೆ ಒಂದು ಲಕ್ಷ ಲೀಟರ್ ಉಳಿತಾಯ" ಅಂತ ಕ್ಯಾಪ್ಶನ್ ಹಾಕಬಹುದಾ? ಸೈಟ್ ವಿಸಿಟ್ ಬುಕಿಂಗ್ ಜಾಸ್ತಿ ಬರೋ ಹಾಗೆ ಹೇಗೆ ಬರೀಬೇಕು?

ಉತ್ತರ:

ದಯವಿಟ್ಟು ಹಾಕಬೇಡಿ. ನಾನು ಹಾಕಿ ಕೈ ಸುಟ್ಟುಕೊಂಡಿದ್ದೀನಿ.

ನನ್ನ ವಿಡಿಯೋದಲ್ಲಿದ್ದದ್ದೂ ಬೆಂಗಳೂರಿನ ಒಬ್ಬ ಗ್ರಾಹಕರ ಮನೆಯೇ, 30x40 ಸೈಟು. ತಾರಸಿ ಸುಮಾರು 1,000 ಚದರ ಅಡಿ, ಅಂದರೆ 93 ಚದರ ಮೀಟರ್. ಇಲ್ಲಿ ವರ್ಷಕ್ಕೆ ಸರಾಸರಿ 970 ಮಿ.ಮೀ. ಆಸುಪಾಸು ಮಳೆ. ಒಂದು ಚದರ ಮೀಟರ್ ಮೇಲೆ ಒಂದು ಮಿ.ಮೀ. ಬಿದ್ದರೆ ಒಂದು ಲೀಟರ್. ಗುಣಿಸಿದೆ. ತಾರಸಿ ಹೀರಿಕೊಳ್ಳೋದು, ಆವಿಯಾಗೋದು, ಮೊದಲ ಕೊಳೆನೀರು ಹೊರಗೆ ಬಿಡೋದು ಅಂತ ಐದರಲ್ಲಿ ಒಂದು ಪಾಲು ಕಳೆದೆ. 72,000 ಲೀಟರ್ ಬಂತು. ಅದನ್ನೇ "ವರ್ಷದ ಉಳಿತಾಯ" ಅಂತ ಬರೆದೆ.

ಗುಣಾಕಾರ ಸರಿಯಾಗೇ ಇತ್ತು. ಆದರೆ ಅದು ತಾರಸಿಯಿಂದ ಇಳಿಯುವ ನೀರು, ಮನೆಯವರು ಬಳಸುವ ನೀರಲ್ಲ. ಆ ಮನೆಯ ಮಳೆನೀರಿನ ಸಂಪು 5,000 ಲೀಟರಿನದು. 40 ಮಿ.ಮೀ.ನ ಒಂದು ಜೋರು ಮಳೆಗೆ ಆ ತಾರಸಿಯಿಂದ 3,000 ಲೀಟರ್ ಇಳಿಯುತ್ತೆ. ಸಂಪು ಅರ್ಧ ತುಂಬಿದ್ದಾಗ ಅಂಥ ಮಳೆ ಬಂದರೆ 500 ಲೀಟರ್ ಹೊರಗೆ. ಮಾರನೇ ದಿನವೂ ಬಂದರೆ ಬಹುಪಾಲು ಚರಂಡಿಗೇ. ಮನೆಯವರು ಈ ನೀರನ್ನು ಬಟ್ಟೆ, ಫ್ಲಶ್, ಗಿಡಕ್ಕೆ ಮಾತ್ರ ಬಳಸುತ್ತಿದ್ದರು, ದಿನಕ್ಕೆ 250 ಲೀಟರಿನಷ್ಟು. ತುಂಬಿದ ಸಂಪು 20 ದಿನ ಬಂತು ಅಂತಲೇ ಇಟ್ಕೊಳ್ಳಿ. ಜನವರಿಯಿಂದ ಮಾರ್ಚ್‌ವರೆಗೆ ಇಲ್ಲಿ ಮಳೆ ಇಲ್ಲವೇ ಇಲ್ಲ ಅನ್ನಬೇಕು. ಆಗ ಆ ಸಂಪು ಖಾಲಿ. ನೀರು ಬೀಳೋ ತಿಂಗಳಲ್ಲಿ ಹಿಡಿಯೋಕೆ ಜಾಗ ಸಾಲಲ್ಲ, ಬೇಕಾದ ತಿಂಗಳಲ್ಲಿ ನೀರಿಲ್ಲ. ವರ್ಷದ ಮಳೆಯನ್ನು ತಾರಸಿಗೆ ಗುಣಿಸಿದಾಗ ಇದೆಲ್ಲ ಕಣ್ಣಿಗೇ ಬೀಳಲ್ಲ.

ಆ ವಿಡಿಯೋ ನೋಡಿ ಇನ್ನೊಬ್ಬರು ಅಂಥದ್ದೇ ಮಾಡಿಸಿಕೊಂಡರು. ಬೇಸಿಗೆಯಲ್ಲಿ ಟ್ಯಾಂಕರ್ ತರಿಸಬೇಕಾಯಿತು. ಮೊಬೈಲ್‌ನಲ್ಲಿ ನನ್ನ ಕ್ಯಾಪ್ಶನ್ ತೋರಿಸಿ, "ಸಾರ್, ನಿಮ್ಮ 72,000 ಎಲ್ಲಿ?" ಅಂದರು. ಬಾಕಿ ದುಡ್ಡು ಕೇಳೋಕೆ ನನಗೆ ಬಾಯಿ ಬರಲಿಲ್ಲ. ಅವರ ಬೀದಿಯಲ್ಲಿ ಮಾತಾಗಿದ್ದ ಬೇರೆ ಎರಡು ಮನೆಗಳ ಕೆಲಸವೂ ಹೋಯಿತು.

ಆಮೇಲೆ ಮೊದಲ ಮನೆಯಲ್ಲಿ ಮಳೆನೀರಿನ ಪಂಪಿನಿಂದ ಮೇಲೆ ಹೋಗುವ ಪೈಪಿಗೆ ಒಂದು ನೀರಿನ ಮೀಟರ್ ಹಾಕಿಸಿದೆ. ಒಂದು ವರ್ಷಕ್ಕೆ ತೋರಿಸಿದ್ದು 30,000 ಲೀಟರ್ ಆಸುಪಾಸು. ಈಗ ಪ್ರತಿ ಕೆಲಸದಲ್ಲೂ ಆ ಮೀಟರ್ ಅಂದಾಜುಪಟ್ಟಿಯಲ್ಲೇ ಇರುತ್ತೆ. ನಿಮ್ಮ ವಿಡಿಯೋದ ಮನೆಗೆ ಮೀಟರ್ ಇಲ್ಲದಿದ್ದರೆ ವರ್ಷದ ಲೆಕ್ಕ ಬರೆಯಲೇಬೇಡಿ. ಒಂದು ಮಳೆಯದ್ದು ಬರೀರಿ. ಮಳೆಗೆ ಮುಂಚೆ ಸಂಪಿನೊಳಗೆ ಅಳತೆ ಕೋಲು ಇಳಿಸಿ, ಮಳೆ ನಿಂತ ಮೇಲೆ ಮತ್ತೆ ಇಳಿಸಿ, ಎರಡನ್ನೂ ವಿಡಿಯೋದಲ್ಲಿ ತೋರಿಸಿ. ಬಿಫೋರ್, ಆಫ್ಟರ್ ಎರಡೂ ಒಂದೇ ಪೈಪಿನದಾಗಿರಲಿ: ಮೊದಲು ಅದು ಚರಂಡಿಗೆ ಸುರಿಯೋದು, ಆಮೇಲೆ ಫಿಲ್ಟರ್ ದಾಟಿ ಸಂಪಿಗೆ ಬೀಳೋದು. ಹೊಸ ಪೇಂಟು, ಹೂಕುಂಡ ತೋರಿಸಿ ಪ್ರಯೋಜನ ಇಲ್ಲ.

ನಾನು ಈಗ ಹಾಕೋ ಕ್ಯಾಪ್ಶನ್ ಇದು, ಬೇಕಾದರೆ ತಗೊಳ್ಳಿ:

"30x40 ಮನೆ, 1,000 ಚದರ ಅಡಿ ತಾರಸಿ, 5,000 ಲೀಟರ್ ಸಂಪು. ಮೊದಲು ಈ ಪೈಪಿನ ನೀರೆಲ್ಲ ಚರಂಡಿಗೆ ಹೋಗುತ್ತಿತ್ತು. ಈಗ ಒಂದು ಜೋರು ಮಳೆಗೆ 3,000 ಲೀಟರ್‌ವರೆಗೆ ಸಂಪಿಗೆ ಬರುತ್ತೆ. ಮೀಟರ್ ಪ್ರಕಾರ ವರ್ಷಕ್ಕೆ ಬಳಕೆಯಾದದ್ದು ಸುಮಾರು 30,000 ಲೀಟರ್, ಹೆಚ್ಚುಕಮ್ಮಿ ಎಲ್ಲವೂ ಮಳೆಗಾಲದಲ್ಲಿ. ಬೇಸಿಗೆಯಲ್ಲಿ ಟ್ಯಾಂಕರ್ ತಪ್ಪುತ್ತೆ ಅಂತ ನಾವು ಹೇಳಲ್ಲ. ಫಿಲ್ಟರನ್ನು ಮಳೆಗಾಲದಲ್ಲಿ ನೀವೇ ತೊಳೆಯುತ್ತಿರಬೇಕು. ಸೈಟ್ ವಿಸಿಟ್‌ಗೆ ಶುಲ್ಕ ಇದೆ, ಕೆಲಸ ಕೊಟ್ಟರೆ ಬಿಲ್ಲಿನಲ್ಲಿ ಕಳೆಯುತ್ತೇವೆ. ತಾರಸಿಯ ಫೋಟೋ, ಕೆಳಗಿಳಿಯುವ ಪೈಪುಗಳ ಫೋಟೋ, ಸಂಪು ಎಲ್ಲಿದೆ, ಎಷ್ಟು ಲೀಟರ್, ಇಷ್ಟನ್ನು ವಾಟ್ಸಾಪ್ ಮಾಡಿ."

ಇಂಗುಬಾವಿ ಮಾಡಿದ್ದರೆ ಅದನ್ನು ಬೇರೆ ಸಾಲಿನಲ್ಲಿ ಬರೀರಿ. ಅಲ್ಲಿಗೆ ಹೋದ ನೀರು ನೆಲಕ್ಕೆ ಹೋಯಿತು. ಒಳ್ಳೆಯದೇ, ಆದರೆ ಮನೆಯವರ ನೀರಿನ ಬಿಲ್ ಅದರಿಂದ ಇಳಿಯಲ್ಲ. ಉಳಿತಾಯದ ಜೊತೆ ಕೂಡಿಸಬೇಡಿ.

ಇನ್ನು ಬುಕಿಂಗ್ ಜಾಸ್ತಿ ಬರಬೇಕು ಅಂತ ಕೇಳಿದ್ದೀರಲ್ಲ, ಅದನ್ನೇ ನಾನು ಒಪ್ಪಲ್ಲ. ಉಚಿತ ವಿಸಿಟ್ ಅಂತ ಹಾಕಿದ್ದಾಗ ನನಗೆ ಫೋನ್ ತುಂಬಾ ಬರುತ್ತಿದ್ದವು. ಹೋಗಿ ನೋಡಿದರೆ ಬಾಡಿಗೆ ಮನೆ, ಇಲ್ಲವೇ ತಾರಸಿ ಪೂರ್ತಿ ಶೀಟು ಹಾಕಿ ನೀರು ಪಕ್ಕದ ಸೈಟಿಗೆ ಬಿಟ್ಟಿರುತ್ತಿದ್ದರು. ಫೋಟೋ ಕೇಳಲು ಶುರು ಮಾಡಿದ ಮೇಲೆ ಫೋನ್ ಕಮ್ಮಿಯಾಯಿತು, ಹೋದ ಕಡೆ ಕೆಲಸ ಆಗೋದು ಜಾಸ್ತಿಯಾಯಿತು. ಪೈಪುಗಳು ಮನೆಯ ನಾಲ್ಕು ಮೂಲೆಗೂ ಹರಡಿವೆಯಾ, ಒಂದೇ ಕಡೆ ಇಳಿಯುತ್ತವಾ ಅಂತ ಫೋಟೋದಲ್ಲೇ ಗೊತ್ತಾಗುತ್ತೆ. ನಾಲ್ಕು ಮೂಲೆ ಅಂದರೆ ಪೈಪು ಸುತ್ತಿಸೋ ಖರ್ಚು ಏರುತ್ತೆ. ಅದನ್ನು ಗಾಡಿ ಹತ್ತೋ ಮುಂಚೆ ಫೋನಿನಲ್ಲೇ ಹೇಳಿಬಿಡಿ.