5 ಗುಂಟೆ ಜಾಗದ ಹಂಚಿನ ಮನೆಗೆ ಆನ್‌ಲೈನ್ ಜಾಹೀರಾತಿನ ಶೀರ್ಷಿಕೆ

"ಶಿರಸಿ ಹತ್ತಿರ 5 ಗುಂಟೆಯಲ್ಲಿರೋ ಹಳೇ ಮನೆ ಮಾರೋಕಿದೆ. ಮನೆ, ಸೈಟು, ಜಾಗ, ಹೌಸ್, ಪ್ಲಾಟ್ ಅಂತ ಎಲ್ಲಾ ಶೀರ್ಷಿಕೆಗೇ ತುಂಬಿದ್ರೆ ಹುಡುಕೋರಿಗೆ ಬೇಗ ಸಿಗುತ್ತಲ್ವಾ?"

ಬನವಾಸಿ ರಸ್ತೆಯ ಮನೆಯೊಂದಕ್ಕೆ ನಾನೂ ಹೀಗೇ ಬರೆದಿದ್ದೆ: "ಮನೆ ಸೈಟು ಜಾಗ ಹೌಸ್ ಪ್ಲಾಟ್ ಶಿರಸಿ ಬೆಸ್ಟ್ ರೇಟ್ 5,445 ಚದರ ಅಡಿ". ಹೊಡೆತ ಕೊಟ್ಟದ್ದು ಕೊನೆಯ ಆ ಅಂಕಿ. ಗುಂಟೆಗೆ 1,089 ಚದರ ಅಡಿ, ಐದಕ್ಕೆ 5,445, ಲೆಕ್ಕ ಸರಿಯೇ. ಆದರೆ ಅದು ಜಾಗದ ಅಳತೆ, ಮನೆ ಇದ್ದದ್ದು 1,150 ಚದರ ಅಡಿ. "ಮನೆ" ಅಂತ ಬರೆದು ಒಂದೇ ಅಂಕಿ ಕೊಟ್ಟರೆ ಓದುವವರು ಅದನ್ನು ಕಟ್ಟಡದ ಅಳತೆ ಅಂತಲೇ ಹಿಡಿಯುತ್ತಾರೆ. ಹುಬ್ಬಳ್ಳಿಯಿಂದ ಬಂದವರೊಬ್ಬರು ಅಂಗಳದಲ್ಲಿ ನಿಂತು "ಉಳಿದ ಮನೆ ಎಲ್ಲಿದೆ?" ಎಂದು ಕೇಳಿದರು. "ಸೈಟು" ಎಂಬ ಪದ ನೋಡಿ ಬಂದವರು ಹಂಚಿನ ಮಾಡು ಕಂಡೊಡನೆ ಗೇಟಿನಿಂದಲೇ ತಿರುಗಿದರು.

ಅದಕ್ಕೇ ಹೇಳುವುದು, ಮನೆಯಿದ್ದ ಜಾಗಕ್ಕೆ ಅಳತೆ ಎರಡು ಬೇಕು, ಯಾವುದು ಯಾವುದರದ್ದು ಅಂತಲೂ ಬೇಕು. ಜಾಗಕ್ಕೆ ಗುಂಟೆ, ಮನೆಗೆ ಚದರ ಅಡಿ. "ಅಡಿ" ಬಿಟ್ಟು ಬರೀ "ಚದರ" ಎನ್ನಬೇಡಿ. ಮನೆ ಕಟ್ಟಿಸುವವರ ಲೆಕ್ಕದಲ್ಲಿ 1 ಚದರ ಅಂದರೆ 100 ಚದರ ಅಡಿ.

ಆಸ್ತಿಯ ನಮೂನೆಗೆ ಒಂದೇ ಪದ ಸಾಕು. ಮನೆ, ಸೈಟು ಎರಡನ್ನೂ ಬರೆದರೆ ಮನೆ ಹುಡುಕುವವರೂ ಸೈಟು ಹುಡುಕುವವರೂ ತಪ್ಪು ತಿಳಿಯುತ್ತಾರೆ. ಮನೆಯೋ ಪ್ಲಾಟೋ ಅಂತ ವಿಭಾಗ ಆರಿಸುವಾಗಲೇ ಹೇಳಿರುತ್ತೀರಿ, ಹುಡುಕುವವರು ಸೋಸುವುದೂ ಅಲ್ಲೇ. ಎನ್‌ಎ, ಅಂದರೆ ಕೃಷಿಯೇತರ ಬಳಕೆಗೆ ಪರಿವರ್ತನೆ, ಆಗದ ಕೃಷಿ ಜಾಗಕ್ಕಂತೂ "ಸೈಟು" ಎಂಬ ಹೆಸರೇ ಬೇಡ. ಪಹಣಿ ನೋಡಿದ ಕೂಡಲೇ ಮಾತು ಮುರಿಯುತ್ತದೆ.

ಹತ್ತಿರದ್ದು ಅಂತ ಒಂದನ್ನೇ ಹೇಳಿ, ದೂರದ ಸಮೇತ. ದೂರವನ್ನು ರಸ್ತೆಯಲ್ಲಿ ಗಾಡಿ ಓಡಿಸಿ ಅಳೆಯಿರಿ. ನಕಾಶೆಯ ನೇರ ಗೆರೆ ನಮ್ಮ ಘಟ್ಟದ ತಿರುವುಗಳಲ್ಲಿ ಸುಳ್ಳಾಗುತ್ತದೆ. ಕಾರವಾರದ ಕಡೆಯವರು "ಸಮುದ್ರ ಹತ್ತಿರ" ಎಂದು ಬರೆದು ಬಿಡುತ್ತಾರೆ. ಸಮುದ್ರ ಮನೆಯಿಂದ ಕಾಣುವುದು ಬೇರೆ, ಬೀಚಿಗೆ 10 ನಿಮಿಷ ನಡೆಯುವುದು ಬೇರೆ. ಯಾವುದು ನಿಜವೋ ಅದನ್ನೇ ಬರೆಯಬೇಕು.

ಕೊನೆಗೆ ನಾನು ಬದಲಿಸಿದ್ದು ಹೀಗೆ:

"ಹಂಚಿನ ಮನೆ 1,150 ಚದರ ಅಡಿ, ಜಾಗ 5 ಗುಂಟೆ, ಬನವಾಸಿ ರಸ್ತೆ, ಶಿರಸಿ ಬಸ್ ನಿಲ್ದಾಣದಿಂದ 3 ಕಿಮೀ"

ಮೊಬೈಲಿನ ಪಟ್ಟಿಯಲ್ಲಿ ಉದ್ದದ ಶೀರ್ಷಿಕೆಯ ಬಾಲ ಕತ್ತರಿಸಿ ಹೋಗುತ್ತದೆ, ಅದಕ್ಕೆ ನಮೂನೆ ಮತ್ತು ಅಳತೆ ಮುಂದೆ. "ಬೆಸ್ಟ್ ರೇಟ್" ತೆಗೆದೆ, ಬೆಲೆಗೆ ಬೇರೆ ಕಾಲಂ ಇದೆ. ಬಾವಿ, ಮಾಡಿನ ಸ್ಥಿತಿ, ಜಾಗದ ಚದರ ಅಡಿ ಲೆಕ್ಕ ವಿವರಣೆಗೆ ಹೋದವು. ಆಮೇಲೆ ಬಂದ ಫೋನುಗಳಲ್ಲಿ ಮೊದಲ ಪ್ರಶ್ನೆ "ಬಾವಿಯಲ್ಲಿ ಬೇಸಿಗೆಗೂ ನೀರಿರುತ್ತದಾ?" ಎಂಬುದು.