ಅಮೆರಿಕ ವೀಸಾ ಫಾರ್ಮಿನ ಸ್ಪಾನ್ಸರ್, ಡಿಪೆಂಡೆಂಟ್, ಓವರ್‌ಸ್ಟೇ

ಪ್ರಶ್ನೆ: ಅಮೆರಿಕದಲ್ಲಿರೋ ಮಗನ ಮನೆಗೆ ಹೋಗೋಕೆ ವೀಸಾ ಫಾರ್ಮ್ ತುಂಬುತ್ತಿದ್ದೇವೆ. ಸ್ಪಾನ್ಸರ್, ಡಿಪೆಂಡೆಂಟ್, ಓವರ್‌ಸ್ಟೇ ಅಂದ್ರೆ ಏನು?

ಉತ್ತರ: ಪ್ರಯಾಣದ ಖರ್ಚು ಹೊರುವವರೇ ಸ್ಪಾನ್ಸರ್. ಮಗ ಕೊಡುವುದಾದರೆ ಡಿಎಸ್-160 ಫಾರ್ಮಿನಲ್ಲಿ ಅವರ ಹೆಸರು ಹಾಕಿ. ನಿಮ್ಮದೇ ದುಡ್ಡಾದರೆ ನಿಮ್ಮದೇ ಹೆಸರು ಸಾಕು.

ಡಿಪೆಂಡೆಂಟ್ ಅಂದರೆ ಇನ್ನೊಬ್ಬರ ವೀಸಾದ ಆಧಾರದ ಮೇಲೆ ಹೋಗುವವರು. ಮಗನದು ಎಚ್-1ಬಿ ಆಗಿದ್ದರೆ ಸೊಸೆ, ಮೊಮ್ಮಕ್ಕಳು ಎಚ್-4ಕ್ಕೆ ಅರ್ಜಿ ಹಾಕಬಹುದು. ಮಗನೇ ನಿಮ್ಮನ್ನು ಸಾಕುತ್ತಿದ್ದರೂ ಅಪ್ಪ ಅಮ್ಮ ಈ ಲೆಕ್ಕಕ್ಕೆ ಬರುವುದಿಲ್ಲ. ನಿಮಗೆ ಬೇಕಾಗಿರುವುದು ಬಿ-2, ಅಂದರೆ ಪ್ರವಾಸಿ ವೀಸಾ.

ಜಾಸ್ತಿ ಎಡವಟ್ಟಾಗುವುದು ಓವರ್‌ಸ್ಟೇನಲ್ಲಿ. ವೀಸಾಗೆ 10 ವರ್ಷ ಇದೆ ಅಂತ ಅಷ್ಟು ದಿನ ಇರಬಹುದು ಅಂದುಕೊಳ್ಳಬೇಡಿ. ಆ ತಾರೀಖು ವಿಮಾನ ನಿಲ್ದಾಣದವರೆಗೆ ಹೋಗೋಕೆ ಮಾತ್ರ. ಎಷ್ಟು ದಿನ ಇರಬಹುದು ಅನ್ನೋದನ್ನು ಅಲ್ಲಿನ ಅಧಿಕಾರಿ ಐ-94 ದಾಖಲೆಯಲ್ಲಿ ಬರೆಯುತ್ತಾರೆ, ಸಾಮಾನ್ಯವಾಗಿ 6 ತಿಂಗಳು. ಜನವರಿ 10ಕ್ಕೆ ಇಳಿದಿರಿ, ಐ-94ರಲ್ಲಿ ಜುಲೈ 9 ಅಂತಿದೆ ಅನ್ನಿ. ಅರ್ಜಿ ಏನೂ ಹಾಕದೆ ಜುಲೈ 10ಕ್ಕೂ ಅಲ್ಲೇ ಇದ್ದರೆ ಅದೇ ಓವರ್‌ಸ್ಟೇ. ಒಂದೇ ದಿನ ಆದರೂ ಆ ವೀಸಾ ಕೆಲಸಕ್ಕೆ ಬಾರದಂತಾಗುತ್ತದೆ. ಓವರ್‌ಸ್ಟೇ 180 ದಿನ ದಾಟಿ ಹೊರಟರೆ 3 ವರ್ಷ, ಒಂದು ವರ್ಷ ದಾಟಿದರೆ 10 ವರ್ಷ ಒಳಗೆ ಬಿಡುವುದಿಲ್ಲ.

ಅಲ್ಲಿ ಇಳಿದ ವಾರದಲ್ಲೇ i94.cbp.dhs.gov ನಲ್ಲಿ ತಾರೀಖು ನೋಡಿಕೊಳ್ಳಿ. ಇನ್ನೂ ಇರಬೇಕಾದರೆ ಆ ದಿನದೊಳಗೆ ಐ-539 ಅರ್ಜಿ ಹಾಕಿ.